ಲಗ್ನಪತ್ರಿಕೆಯ ಪದ್ಯವನ್ನು ಇಂಗ್ಲಿಷಿಗೆ ಸಾಲು ಸಾಲಾಗಿ ತರಬೇಕಾ?

"ತಂಗಿ ಮದುವೆ ಪತ್ರಿಕೆಯಲ್ಲಿ ಸೋದರಮಾವ ಬರೆದ ಪದ್ಯ ಹಾಕಿಸ್ತಿದ್ದೀವಿ. ಅಮೆರಿಕದಲ್ಲಿರೋ ದೊಡ್ಡಪ್ಪನ ಮಕ್ಕಳಿಗೆ ಕನ್ನಡ ಓದಕ್ಕೆ ಬರಲ್ಲ. ಇಂಗ್ಲಿಷ್ ಕಡೆಯೂ ಅದನ್ನ ಪದ್ಯವಾಗಿಯೇ ಹಾಕೋದು ಹೇಗೆ?"

ಈ ಪ್ರಶ್ನೆ ನನಗೆ ಪ್ರತಿ ಮದುವೆ ಸೀಸನ್‌ನಲ್ಲೂ ಬರುತ್ತದೆ. ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಎಲ್ಲರೂ ಪತ್ರಿಕೆಯ ಒಕ್ಕಣೆ ತಿದ್ದಿಕೊಡಿ ಅಂತ ಕಳಿಸುತ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ: ಹಾಕಬೇಡಿ. ಕನ್ನಡ ಕಡೆ ಪದ್ಯ ಇರಲಿ, ಇಂಗ್ಲಿಷ್ ಕಡೆ ಎರಡು ಮೂರು ಸಾಲಿನ ಸರಳ ಗದ್ಯ ಸಾಕು. ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. "ಎರಡೂ ಕಡೆ ಒಂದೇ ಥರ ಇರಬೇಕಲ್ವಾ? ಇಲ್ಲದಿದ್ದರೆ ಅವರಿಗೆ ಕಮ್ಮಿ ಮಾಡಿದ ಹಾಗೆ ಆಗುತ್ತೆ" ಅನ್ನುತ್ತಾರೆ.

ಇಂಗ್ಲಿಷ್ ಕಡೆ ಅಂದರೆ ಕನ್ನಡ ಕಡೆಯ ನಕಲು, ಈ ಸಾಲಿಗೆ ಆ ಸಾಲು ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಅದೊಂದನ್ನು ಬಿಟ್ಟರೆ ಮಿಕ್ಕ ಕೆಲಸ ಅರ್ಧ ಗಂಟೆಯದು. ಅದಕ್ಕೇ ಒಂದು ಪದ್ಯ ಇಟ್ಟುಕೊಂಡು ಪೂರ್ತಿ ನೋಡೋಣ. ಮಾವಂದಿರು ಬರೆಯುವ ಪದ್ಯಗಳು ಹೆಚ್ಚುಕಮ್ಮಿ ಹೀಗಿರುತ್ತವೆ:

ಹಸಿರು ತೋರಣ ಬಾಗಿಲಲ್ಲಿದೆ
ಬಿಸಿಲು ತಾಗದ ಚಪ್ಪರವು ಇದೆ
ಹೊಸಿಲು ದಾಟುವ ನಮ್ಮ ಮಗಳಿಗೆ
ಹಸನು ಬಾಳಿರಲೆಂದು ಹರಸಿರಿ

ಒಂದು ಸಲ ಜೋರಾಗಿ ಓದಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಭಾಮಿನಿಯ ನಡಿಗೆ. ಹಸಿರು, ಬಿಸಿಲು, ಹೊಸಿಲು, ಹಸನು: ನಾಲ್ಕೂ ಸಾಲಿನ ಎರಡನೇ ಅಕ್ಷರದಲ್ಲಿ ಸಕಾರ ಬಂದಿದೆ. ಇದು ಆದಿಪ್ರಾಸ, ಕನ್ನಡ ಪದ್ಯದ ಹಳೆಯ ಕಟ್ಟು. ಪದ್ಯ ಬಾಯಲ್ಲಿ ನಿಲ್ಲುವುದೇ ಇದರಿಂದ. ಇಂಗ್ಲಿಷ್ ಓದುವ ಕಿವಿ ಪ್ರಾಸವನ್ನು ಹುಡುಕುವುದು ಸಾಲಿನ ಕೊನೆಯಲ್ಲಿ. ಅಂದರೆ ಈ ಪದ್ಯವನ್ನು ಪದ್ಯ ಮಾಡಿದ ಮುಖ್ಯ ಗುಣ ದಾಟಿ ಹೋಗುವುದೇ ಇಲ್ಲ, ಎಷ್ಟು ಒಳ್ಳೆಯ ಅನುವಾದ ಮಾಡಿದರೂ ಅಷ್ಟೇ.

ಉಳಿದದ್ದು ಅರ್ಥ. ಅದನ್ನಾದರೂ ಪದಕ್ಕೆ ಪದ ಇಟ್ಟು ನೋಡಿ. ಒಂದು ಮನೆಯವರು ನನಗೆ ಕಳಿಸಿದ್ದು ಇಂಥದ್ದೇ ಪದ್ಯಕ್ಕೆ "ಗ್ರೀನ್ ಫೆಸ್ಟೂನ್ ಈಸ್ ಇನ್ ದ ಡೋರ್, ದೇರ್ ಈಸ್ ಎ ಶೆಡ್ ದಟ್ ಸನ್ ಡಸ್ ನಾಟ್ ಟಚ್". ತೋರಣ ಅಂದ ತಕ್ಷಣ ನಮಗೆ ಮಾವಿನೆಲೆಯ ವಾಸನೆಯೇ ಬರುತ್ತದೆ. ಫೆಸ್ಟೂನ್ ಅಂದರೆ ಆ ಮಕ್ಕಳ ಕಣ್ಣ ಮುಂದೆ ಬರುವುದು ಹುಟ್ಟುಹಬ್ಬದ ಕಾಗದದ ಮಾಲೆ. ಚಪ್ಪರ ಹಾಕಿದೆ ಅಂದರೆ ಮನೆಯಲ್ಲಿ ಮದುವೆ ಶುರುವಾಯಿತು ಅಂತ ನಮಗೆ ಗೊತ್ತು. ಶೆಡ್ ಅಂದರೆ ಸಾಮಾನು ಇಡುವ ಜಾಗ.

ಮೂರನೇ ಸಾಲಿನಲ್ಲೇ ನಿಜವಾದ ನಷ್ಟ ಆಗುವುದು. ಹೊಸಿಲು ದಾಟುವ ಮಗಳು ಅನ್ನುವಾಗ ತವರಿನ ಹೊಸಿಲೂ ಇದೆ, ಗಂಡನ ಮನೆಯ ಹೊಸಿಲೂ ಇದೆ. ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಅಮ್ಮನೂ ಇದ್ದಾಳೆ. ಕನ್ನಡದಲ್ಲಿ ಇದಿಷ್ಟನ್ನೂ ಹೇಳಬೇಕಾಗಿಲ್ಲ, ಓದುವವರೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ "ಕ್ರಾಸಿಂಗ್ ದ ಥ್ರೆಶೋಲ್ಡ್" ಅಂತ ಬರೆದರೆ ಬರೀ ಬಾಗಿಲು ದಾಟಿದ್ದು ಮಾತ್ರ ಉಳಿಯುತ್ತದೆ. ಪದ ಸರಿಯಾಗಿಯೇ ಇದೆ, ಹೇಳಬೇಕಾದ್ದು ಇಲ್ಲ.

ಇನ್ನು ಕೆಲವರು ಪ್ರಾಸ ಬೇಕೇ ಬೇಕು ಅಂತ ಹಟ ಹಿಡಿಯುತ್ತಾರೆ. ಮೊದಲ ಸಾಲಿಗೆ ಡೋರ್ ಬಂತು, ಅದಕ್ಕೆ ಜೋಡಿಯಾಗಿ ಫ್ಲೋರ್ ಬೇಕು, ಕೊನೆಗೆ ಎವರ್‌ಮೋರ್. ಈಗ ಪದ್ಯದಲ್ಲಿ ಇಲ್ಲದ ನೆಲ ಬಂತು, ಇದ್ದ ಹೊಸಿಲು ಹೋಯಿತು. ಮಾವ ಬರೆದದ್ದು ಇದಲ್ಲ. ಅವರ ಹೆಸರಿನ ಕೆಳಗೆ ಇದನ್ನು ಅಚ್ಚು ಹಾಕಿಸುವುದು ಅವರಿಗೆ ಮಾಡುವ ಅನ್ಯಾಯ.

ಹಾಗಾದರೆ ಏನು ಬರೆಯಬೇಕು? ಪದ್ಯ ಏನು ಮಾಡುತ್ತಿದೆ ಅಂತ ಕೇಳಿಕೊಳ್ಳಿ. ಮನೆ ಸಿದ್ಧವಾಗಿದೆ ಅನ್ನುತ್ತಿದೆ, ಮಗಳು ಹೊರಟಿದ್ದಾಳೆ ಅನ್ನುತ್ತಿದೆ, ಹರಸಿ ಅಂತ ಕೇಳುತ್ತಿದೆ. ಈ ಮೂರನ್ನೂ ಇಂಗ್ಲಿಷಿನವರು ಮಾತಾಡುವ ಹಾಗೆ ಹೇಳಿ. ನಾನು ತಿದ್ದಿಕೊಟ್ಟದ್ದು ಹೀಗಿತ್ತು: "ಮ್ಯಾಂಗೋ ಲೀವ್ಸ್ ಹ್ಯಾಂಗ್ ಅಟ್ ಅವರ್ ಡೋರ್. ಅವರ್ ಡಾಟರ್ ಈಸ್ ಲೀವಿಂಗ್ ದ ಹೋಮ್ ಶಿ ಗ್ರೂ ಅಪ್ ಇನ್, ಫಾರ್ ದ ಹೋಮ್ ಶಿ ವಿಲ್ ಮೇಕ್. ಕಮ್ ಅಂಡ್ ಬ್ಲೆಸ್ ಹರ್." ಕೆಳಗೆ ಚಿಕ್ಕ ಅಕ್ಷರದಲ್ಲಿ, ಇದು ಹುಡುಗಿಯ ಸೋದರಮಾವ ಬರೆದ ಪದ್ಯದ ಭಾವ ಅಂತ ಒಂದು ಮಾತು. ಚಪ್ಪರ ಬಿಟ್ಟುಹೋಗಿದೆ, ಹೌದು. ತೋರಣ ಒಂದೇ ಆ ಕೆಲಸ ಮಾಡುತ್ತದೆ, ಎರಡನ್ನೂ ವಿವರಿಸಲು ಹೋದರೆ ಕರೆಯೋಲೆ ಪಾಠ ಆಗಿಬಿಡುತ್ತದೆ. ಹೊಸಿಲು ಅನ್ನುವ ಪದವೂ ಇಲ್ಲ, ಆದರೆ ಅದರ ಒಳಗಿದ್ದ ಎರಡು ಮನೆ ಇವೆ. ಈ ಸಾಲು ಓದಿ ಆ ಹುಡುಗಿಯ ದೊಡ್ಡಪ್ಪನ ಮಗಳು ಅತ್ತಳಂತೆ. ನನಗೆ ಅದು ತುಂಬಾ ಖುಷಿ ಕೊಟ್ಟ ಸುದ್ದಿ.

ಕನ್ನಡ ಪದ್ಯವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಕನ್ನಡ ಮಾತಾಡಲು ಬಂದು ಓದಲು ಬರದ ಮಕ್ಕಳಿಗೆ ಅದು ಉಪಯೋಗವೇ, ಒಂದು ಮಿತಿಯಲ್ಲಿ. ಹಾಲು, ಹಾಳು ಎರಡೂ ಅಲ್ಲಿ ಒಂದೇ ಥರ ಕಾಣುತ್ತವೆ. ಲ ಮತ್ತು ಳ, ನ ಮತ್ತು ಣ, ಅ ಮತ್ತು ಆ ಎಲ್ಲ ಕಲೆಸಿಹೋಗುತ್ತವೆ. ಮದುವೆ ಪತ್ರಿಕೆಯಲ್ಲಿ ಹಾಲು ಉಕ್ಕಲಿ ಅನ್ನುವುದನ್ನು ಮಗು ಹಾಳು ಅಂತ ಓದಿದರೆ ಅಜ್ಜಿ ಬೇಜಾರು ಮಾಡಿಕೊಳ್ಳದೆ ಇರುತ್ತಾರಾ? ಅಚ್ಚಿನಲ್ಲಿ ಹಾಕುವ ಬದಲು ಮಾವನ ಕೈಯಲ್ಲೇ ಪದ್ಯ ಓದಿಸಿ, ವಾಟ್ಸಾಪ್‌ನಲ್ಲಿ ಪತ್ರಿಕೆ ಜೊತೆ ದನಿ ಕಳಿಸಿ. ಹದಿನೈದು ಸೆಕೆಂಡಿನ ಕೆಲಸ.

ಪದ್ಯದ ವಿಷಯದಲ್ಲಿ ಆಗುವ ತಪ್ಪೇ ಮಿಕ್ಕ ಒಕ್ಕಣೆಯಲ್ಲೂ ಆಗುತ್ತದೆ. ಚಿ. ರಾ. ಅಂತ ಹುಡುಗನ ಹೆಸರಿನ ಮುಂದೆ ಇಂಗ್ಲಿಷಿನಲ್ಲೂ ಹಾಕಿದರೆ ಅದನ್ನು ಇನಿಶಿಯಲ್ ಅಂದುಕೊಳ್ಳುತ್ತಾರೆ. ನನ್ನ ಅಣ್ಣನ ಮಗನೇ ಹಾಗೆ ಅಂದುಕೊಂಡು ಉಡುಗೊರೆಯ ಮೇಲೆ ಆ ಎರಡು ಅಕ್ಷರ ಸೇರಿಸಿ ಹೆಸರು ಕೆತ್ತಿಸಿದ್ದ. ಇಂಗ್ಲಿಷ್ ಕಡೆ ಹೆಸರು ಮಾತ್ರ ಸಾಕು. ಕನಿಷ್ಠ ಪುತ್ರಿ ಅನ್ನುವುದು ಕಿರಿಯ ಮಗಳು ಅಂತ ಹೋಗಬೇಕು, ನಿಘಂಟಿನ ಮೊದಲ ಅರ್ಥ ಹಿಡಿದರೆ ಕೆಟ್ಟ ಮಾತಾಗುತ್ತದೆ. ಶಾಲಿವಾಹನ ಶಕೆಯನ್ನಂತೂ ಆ ಕಡೆ ತರಲೇಬೇಡಿ. ಅದರ ವರ್ಷದ ಅಂಕಿ ಕ್ರಿಸ್ತಶಕದ ಅಂಕಿಗಿಂತ ಸುಮಾರು 78 ಕಡಿಮೆ. 2025ರ ಯುಗಾದಿಗೆ ಶುರುವಾದ ವಿಶ್ವಾವಸು ಸಂವತ್ಸರ ಶಕ 1947. ಆ ವರ್ಷದ ಒಂದು ಪತ್ರಿಕೆಯ ಇಂಗ್ಲಿಷ್ ಕಡೆ "ಇಯರ್ 1947" ಅಂತ ಇತ್ತು. ಇದು ತಾತನ ಮದುವೆಯ ಪತ್ರಿಕೆಯಾ ಅಂತ ಹುಡುಗರು ಕೇಳಿದರು.

ಇದುವರೆಗೆ ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಪದ್ಯಕ್ಕೆ ವಾರಗಟ್ಟಲೆ ಯೋಚನೆ ಮಾಡುವವರು ದಿನ ಮತ್ತು ಹೊತ್ತಿನ ಸಾಲನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ದೂರದವರಿಗೆ ನಿಜವಾಗಿ ತೊಂದರೆ ಆಗುವುದು ಅಲ್ಲೇ.

ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಇಂಗ್ಲಿಷ್ ತಾರೀಖು ಬದಲಾಗುವುದು ನಡುರಾತ್ರಿ. ಬೆಳಗಿನ ಜಾವದ ಮುಹೂರ್ತ ಇದ್ದರೆ ಕನ್ನಡದಲ್ಲಿ "ಶನಿವಾರ ರಾತ್ರಿ 4-30ಕ್ಕೆ, ಬೆಳಗಾದರೆ ಭಾನುವಾರ" ಅಂತ ಬರೆಯುತ್ತಾರೆ. ನಮಗೆ ಇದರಲ್ಲಿ ಗೊಂದಲವೇ ಇಲ್ಲ. ಆದರೆ ಇದನ್ನೇ ಸಾಲಿಗೆ ಸಾಲು ಇಂಗ್ಲಿಷ್ ಮಾಡಿದರೆ "ಸ್ಯಾಟರ್ಡೇ ನೈಟ್ 4:30" ಆಗುತ್ತದೆ. ಶನಿವಾರ ಅನ್ನುವುದನ್ನು ಹಿಡಿದುಕೊಂಡು, ಶನಿವಾರದ ತಾರೀಖಿನ ಬೆಳಗಿನ 4:30 ಅಂತ ಲೆಕ್ಕ ಹಾಕಿದವರಿಗೆ ಒಂದು ದಿನವೇ ತಪ್ಪುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ಲೈವ್ ನೋಡುವ ಹುಡುಗ ಶುಕ್ರವಾರ ಮಧ್ಯಾಹ್ನ ಫೋನ್ ಹಿಡಿದು ಕಾಯುತ್ತಾನೆ, ಇಲ್ಲಿ ಆಗಿನ್ನೂ ಚಪ್ಪರದ ಕಂಬ ನೆಡುತ್ತಿರುತ್ತಾರೆ.

ಸರಿಯಾದ ಲೆಕ್ಕ ನೋಡಿ. ಇಲ್ಲಿ ಮೇ ತಿಂಗಳ ಭಾನುವಾರ ಬೆಳಗಿನ ಜಾವ 4:30 ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ 4:00. ಲಂಡನ್‌ನಲ್ಲಿ ಶನಿವಾರ ಮುಗಿದು ಭಾನುವಾರ ಶುರುವಾಗುವ ನಡುರಾತ್ರಿ 12:00. ಸಿಡ್ನಿಯಲ್ಲಿ ಭಾನುವಾರ ಬೆಳಿಗ್ಗೆ 9:00. ಡಿಸೆಂಬರಿನ ಮದುವೆಯಾದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲೆಲ್ಲ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ, ನಮ್ಮಲ್ಲಿ ಆಗುವುದಿಲ್ಲ. ಆಗ ಕ್ಯಾಲಿಫೋರ್ನಿಯಾಕ್ಕೆ ಮಧ್ಯಾಹ್ನ 3:00, ಲಂಡನ್‌ಗೆ ಶನಿವಾರ ರಾತ್ರಿ 11:00, ಸಿಡ್ನಿಗೆ ಬೆಳಿಗ್ಗೆ 10:00. ಹಳೆಯ ಪತ್ರಿಕೆ ನೋಡಿ ಹೊತ್ತು ಎತ್ತಿಕೊಳ್ಳುವವರು ಎಡವುವುದು ಇಲ್ಲೇ.

ತಾರೀಖನ್ನು ಬರೀ ಅಂಕಿಯಲ್ಲಿ ಬರೆಯಬೇಡಿ. 6-5 ಅಂದರೆ ನಮಗೆ ಮೇ 6, ಅಮೆರಿಕದಲ್ಲಿ ಬೆಳೆದವರಿಗೆ ಜೂನ್ 5. 25-5 ಆದರೆ ಅವರಿಗೆ ಅನುಮಾನ ಬಂದು ಕೇಳುತ್ತಾರೆ. ತಾರೀಖು 12ರ ಒಳಗಿದ್ದರೆ ಅನುಮಾನವೇ ಬರುವುದಿಲ್ಲ, ಸುಮ್ನೆ ಜೂನ್‌ಗೆ ಟಿಕೆಟ್ ಮಾಡಿಸುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ, ಇಂಗ್ಲಿಷ್ ತಾರೀಖಿನ ಪ್ರಕಾರ ಬರುವ ವಾರ ಹಾಕಿ, ಭಾರತದ ಸಮಯ ಅಂತ ಸೇರಿಸಿ, ಕೆಳಗೆ ನಿಮ್ಮ ನೆಂಟರು ಇರುವ ಊರುಗಳ ಹೊತ್ತನ್ನು ಒಂದೊಂದೇ ಬರೆಯಿರಿ. ಅಚ್ಚಿಗೆ ಕೊಡುವ ಮುಂಚೆ ಅಲ್ಲಿರುವ ಒಬ್ಬ ಹುಡುಗನಿಗೋ ಹುಡುಗಿಗೋ ಫೋಟೋ ಕಳಿಸಿ, ನಿಮ್ಮೂರಲ್ಲಿ ಯಾವ ದಿನ ಎಷ್ಟು ಗಂಟೆಗೆ ಕೂರುತ್ತೀಯಾ ಅಂತ ಕೇಳಿ. ಅವರು ಹೇಳಿದ್ದು ನಿಮ್ಮ ಲೆಕ್ಕಕ್ಕೆ ಸರಿಹೋದರೆ ಅಚ್ಚಿಗೆ ಕೊಡಿ.