ಲೇಔಟ್ ಕಂಪನಿ ಹೆಸರಲ್ಲಿ 17 ಕೇಸು ಇದ್ದರೆ ಸೈಟು ಬಿಡಬೇಕಾ?

ಪ್ರಶ್ನೆ: ನಂದಿ ಬೆಟ್ಟದ ಹತ್ತಿರ ಒಂದು ಕಂಪನಿಯವರು ಲೇಔಟ್ ಮಾಡಿದ್ದಾರೆ. 30x40 ಸೈಟಿಗೆ ಅಡ್ವಾನ್ಸ್ ಕೊಡೋಣ ಅಂತಿದ್ದೆವು. ಅಷ್ಟರಲ್ಲಿ ನನ್ನ ತಮ್ಮ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿ ನೋಡಿದ. 17 ಕೇಸು ಬಂತು. ಏಜೆಂಟರನ್ನು ಕೇಳಿದರೆ "ದೊಡ್ಡ ಕಂಪನಿ ಅಂದ್ಮೇಲೆ ಕೇಸು ಇದ್ದೇ ಇರುತ್ತೆ ಸಾರ್" ಅಂತಾರೆ. ಏನು ಮಾಡೋದು?
– ಚಿಕ್ಕಬಳ್ಳಾಪುರದ ಓದುಗರು

ಏಜೆಂಟರ ಮಾತು ಅರ್ಧ ನಿಜ. ಕೇಸು ಎಷ್ಟಿವೆ ಅನ್ನೋದರಿಂದ ಏನೂ ಗೊತ್ತಾಗುವುದಿಲ್ಲ. ಯಾರು ಯಾರ ಮೇಲೆ ಹಾಕಿದ್ದಾರೆ, ಯಾವುದಕ್ಕೆ ಹಾಕಿದ್ದಾರೆ, ಈಗ ಎಲ್ಲಿಗೆ ಬಂದಿದೆ ಅನ್ನೋದು ಮುಖ್ಯ. ನೀವು ಕಳಿಸಿದ ಪಟ್ಟಿಯನ್ನೇ ಇಟ್ಟುಕೊಂಡು ನೋಡೋಣ. ಹೆಸರುಗಳನ್ನು ಬಿಟ್ಟಿದ್ದೇನೆ.

ಮೊದಲು ಇವು ನಿಜವಾಗಿಯೂ ಇದೇ ಕಂಪನಿಯ ಕೇಸುಗಳಾ ಅಂತ ನೋಡಬೇಕು. ನಮ್ಮ ಕಡೆ 'ನಂದಿ' ಅನ್ನೋ ಹೆಸರಿಲ್ಲದ ವ್ಯವಹಾರ ಎಲ್ಲಿದೆ ಹೇಳಿ. ನಿಮ್ಮ 17ರಲ್ಲಿ 4 ಕೇಸು ಅದೇ ಥರದ ಹೆಸರಿನ ಬೇರೆಯವರದ್ದು. ಒಂದು ಟ್ರಾನ್ಸ್‌ಪೋರ್ಟ್ ಸಂಸ್ಥೆ, ಇನ್ನೊಂದು ಜಲ್ಲಿ ಕ್ರಷರ್. ಇದು ತಿಳಿಯೋದು ವಿಳಾಸ ಮತ್ತು ಡೈರೆಕ್ಟರ್ ಹೆಸರಿನಿಂದ. ಕಂಪನಿಯ ಪೂರ್ತಿ ಹೆಸರು, ನೋಂದಾಯಿತ ವಿಳಾಸ, ಡೈರೆಕ್ಟರುಗಳ ಹೆಸರು mca.gov.in ನಲ್ಲಿ ಸಿಗುತ್ತವೆ. ಅಲ್ಲೇ 21 ಅಕ್ಷರದ ಸಿಐಎನ್ ನಂಬರೂ ಇರುತ್ತದೆ. ಅದರಲ್ಲಿ KA ಅಂತಿದ್ದರೆ ಕರ್ನಾಟಕದಲ್ಲಿ ನೋಂದಣಿಯಾದ ಕಂಪನಿ, ಅದರ ಮುಂದಿನ ನಾಲ್ಕು ಅಂಕಿ ಕಂಪನಿ ಹುಟ್ಟಿದ ವರ್ಷ. ಏಜೆಂಟರು "20 ವರ್ಷದ ಕಂಪನಿ" ಅಂದಾಗ ಈ ನಾಲ್ಕು ಅಂಕಿ ನೋಡಿ. ಪಾಲುದಾರಿಕೆ ಸಂಸ್ಥೆಯಾದರೆ ಇದ್ಯಾವುದೂ ಇಲ್ಲಿ ಸಿಗುವುದಿಲ್ಲ. ಆಗ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಪುಟದಲ್ಲಿರುವ ಪಾಲುದಾರರ ಹೆಸರನ್ನೇ ಹಿಡಿಯಬೇಕು.

ಇ-ಕೋರ್ಟ್ಸ್‌ನಲ್ಲಿ ಹುಡುಕುವಾಗಲೂ ಒಂದು ಎಡವಟ್ಟಿದೆ. services.ecourts.gov.in ನಲ್ಲಿ Case Status, ಅದರೊಳಗೆ Party Name ಒತ್ತಿದರೆ ಕೋರ್ಟ್ ಯಾವುದು, ವರ್ಷ ಯಾವುದು ಎರಡನ್ನೂ ಕೇಳುತ್ತದೆ. ಚಿಕ್ಕಬಳ್ಳಾಪುರದ ಕೋರ್ಟ್ ಆರಿಸಿದರೆ ಚಿಂತಾಮಣಿ, ಗೌರಿಬಿದನೂರಿನ ಕೇಸು ಬರುವುದಿಲ್ಲ. ಒಂದು ವರ್ಷ ಹಾಕಿದರೆ ಆ ವರ್ಷ ದಾಖಲಾದದ್ದು ಮಾತ್ರ ಬರುತ್ತದೆ. ಹಾಗಾಗಿ ತಾಲ್ಲೂಕು ತಾಲ್ಲೂಕಿಗೂ, ವರ್ಷ ವರ್ಷಕ್ಕೂ ಬೇರೆ ಬೇರೆ ಹುಡುಕಬೇಕು. ಕಂಪನಿ ಆಫೀಸು ಬೆಂಗಳೂರಿನಲ್ಲಿದ್ದರೆ ಅಲ್ಲಿನ ಸಿಟಿ ಸಿವಿಲ್ ಕೋರ್ಟೂ ಸೇರಿಸಿ. Pending ಬದಲು Both ಆರಿಸಿ, ಇಲ್ಲದಿದ್ದರೆ ಮುಗಿದ ಕೇಸುಗಳು ಕಾಣುವುದಿಲ್ಲ. ಪೂರ್ತಿ ಹೆಸರು ಹಾಕುವುದಕ್ಕಿಂತ ಹೆಸರಿನ ಒಂದು ವಿಶೇಷ ತುಂಡು ಹಾಕುವುದು ವಾಸಿ. ಕೋರ್ಟಿನಲ್ಲಿ ಟೈಪು ಮಾಡಿದವರು ಒಂದು ಕಡೆ Pvt Ltd ಅಂತ ಬರೆದಿರುತ್ತಾರೆ, ಇನ್ನೊಂದು ಕಡೆ Private Limited ಅಂತ.

ಸರಿ, ಉಳಿದದ್ದು 13.

ಅದರಲ್ಲಿ 5 ಚೆಕ್ ಬೌನ್ಸ್ ಕೇಸುಗಳಲ್ಲಿ ಕಂಪನಿಯೇ ಫಿರ್ಯಾದಿ. ಕಂತು ಕಟ್ಟದ ಗಿರಾಕಿಗಳ ಮೇಲೆ ಹಾಕಿದ್ದಾರೆ. ಇದರಲ್ಲಿ ಕಂಪನಿಯ ತಪ್ಪೇನೂ ಕಾಣುವುದಿಲ್ಲ. ಇನ್ನು 4 ಚೆಕ್ ಬೌನ್ಸ್ ಕೇಸುಗಳಲ್ಲಿ ಕಂಪನಿ ಆರೋಪಿ. ನಾಲ್ಕು ಅಂದ ತಕ್ಷಣ ಗಾಬರಿಯಾಗುತ್ತದೆ, ಅಲ್ವಾ? ಒಳಗೆ ನೋಡಿದರೆ ನಾಲ್ಕಕ್ಕೂ ಫಿರ್ಯಾದಿ ಒಬ್ಬರೇ, ರಸ್ತೆ ಕೆಲಸ ಮಾಡಿದ ಗುತ್ತಿಗೆದಾರರು. ನಾಲ್ಕು ಚೆಕ್ಕಿಗೆ ನಾಲ್ಕು ದೂರು ಕೊಟ್ಟಿದ್ದಾರೆ. ಜಗಳ ಒಂದೇ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ಕಂಪನಿ ರಸ್ತೆ ಮಾಡಿದವರಿಗೆ ದುಡ್ಡು ಕೊಟ್ಟಿಲ್ಲ ಅಂದರೆ ನಿಮ್ಮ ಲೇಔಟಿನ ಚರಂಡಿ, ಕರೆಂಟು ಯಾವಾಗ ಮುಗಿಯುತ್ತದೆ ಅಂತ ಕೇಳಲೇಬೇಕು.

ಒಂದು ಎಂವಿಸಿ, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು. ಕಂಪನಿಯ ಟಿಪ್ಪರಿನದ್ದು. ಇದಕ್ಕೂ ನಿಮ್ಮ ಸೈಟಿಗೂ ಸಂಬಂಧವಿಲ್ಲ.

ಒಂದು ಓಎಸ್, ಸಿವಿಲ್ ದಾವೆ. ಕಂಪನಿಯೇ ವಾದಿ. ಪಕ್ಕದ ಜಮೀನಿನವರು ದಾರಿಗೆ ಅಡ್ಡಿ ಮಾಡದಂತೆ ತಡೆಯಾಜ್ಞೆ ಕೇಳಿದ್ದಾರೆ. ಹಾಕಿದವರು ಕಂಪನಿಯವರೇ ಅಂತ ಇದನ್ನು ಬದಿಗಿಡಬೇಡಿ. ಲೇಔಟಿಗೆ ಹೋಗುವ ದಾರಿಯದೇ ತಕರಾರು ಇದೆ ಅಂತ ಈ ದಾವೆ ಹೇಳುತ್ತಿದೆ.

ಉಳಿದ 2 ಎಕ್ಸಿಕ್ಯೂಷನ್, ಅಂದರೆ ಅಮಲ್ಜಾರಿ ಅರ್ಜಿ. ನನಗೆ ಜಾಸ್ತಿ ಚಿಂತೆ ಹತ್ತಿಸಿದ್ದು ಇವು. ಕೇಸು ಹಾಕೋದು ಯಾರು ಬೇಕಾದರೂ ಹಾಕಬಹುದು. ಆದರೆ ಅಮಲ್ಜಾರಿಗೆ ಬಂದಿದೆ ಅಂದರೆ ಡಿಕ್ರಿ ಆಗಿದೆ, ಆದರೂ ಕಂಪನಿ ದುಡ್ಡು ಕೊಟ್ಟಿಲ್ಲ, ಗೆದ್ದವರು ವಸೂಲಿಗೆ ಮತ್ತೆ ಕೋರ್ಟಿಗೆ ಬಂದಿದ್ದಾರೆ. ಆ ಡಿಕ್ರಿ ಕಂಪನಿ ಹಾಜರಾಗದೆ ಏಕಪಕ್ಷೀಯವಾಗಿ ಆದದ್ದಾ, ಮೇಲಿನ ಕೋರ್ಟಿನಲ್ಲಿ ಅದಕ್ಕೆ ತಡೆ ಇದೆಯಾ ಅಂತ ನೋಡಿಯೇ ತೀರ್ಮಾನಕ್ಕೆ ಬನ್ನಿ. ಹಾಗೆಯೇ Disposed ಅಂತ ಇದ್ದರೆ ಕಂಪನಿ ಗೆದ್ದಿದೆ ಅಂತ ಅರ್ಥ ಮಾಡಿಕೊಳ್ಳಬೇಡಿ. ರಾಜಿಯಾದರೂ, ವಾದಿ ಬಾರದೆ ವಜಾ ಆದರೂ, ಕಂಪನಿ ಸೋತರೂ ಪರದೆಯ ಮೇಲೆ ಬರೋದು ಅದೇ ಪದ. ಕೇಸು ತೆರೆದು ಹೇಗೆ ಮುಗಿಯಿತು ಅನ್ನೋ ಸಾಲು ಓದಿ, ಆದೇಶದ ಪ್ರತಿ ಇದ್ದರೆ ಇಳಿಸಿಕೊಳ್ಳಿ.

ಈಗ ರೇರಾ. rera.karnataka.gov.in ನಲ್ಲಿ ಪ್ರಾಜೆಕ್ಟಿನ ನೋಂದಣಿ, ದೂರು, ಆದೇಶ ಎಲ್ಲ ಸಿಗುತ್ತವೆ. ನಿಮ್ಮ ಕಂಪನಿಯ ಹಳೆಯ ಲೇಔಟಿನ ಮೇಲೆ ಒಂದು ಆದೇಶವಿದೆ. ಅದನ್ನು ಏಜೆಂಟರು "ಫೈನ್" ಅಂದರಂತೆ. ಅದು ಫೈನ್ ಅಲ್ಲ. 18ನೇ ಸೆಕ್ಷನ್ ಕೆಳಗೆ, ಹೇಳಿದ ವಾಯಿದೆಗೆ ಸೈಟು ಕೊಡದ ಕಾರಣ ಗಿರಾಕಿಗೆ ದುಡ್ಡು ಬಡ್ಡಿ ಸಮೇತ ವಾಪಸು ಕೊಡಿ ಅನ್ನೋ ಆದೇಶ. ದಂಡ ಬೇರೆ, ಅದು ಸರ್ಕಾರಕ್ಕೆ ಹೋಗುವ ದುಡ್ಡು. ದಂಡದಲ್ಲೂ ಎಲ್ಲ ಒಂದೇ ತೂಕದ್ದಲ್ಲ. ಕಾಗದಪತ್ರ ತಡವಾಗಿ ಸಲ್ಲಿಸಿದ್ದಕ್ಕೆ ಬಿದ್ದ ದಂಡ ಅಶಿಸ್ತನ್ನು ತೋರಿಸುತ್ತದೆ, ಅಷ್ಟೆ. ನೋಂದಣಿ ಇಲ್ಲದೆ ಸೈಟು ಮಾರಿದ್ದಕ್ಕೆ 59ನೇ ಸೆಕ್ಷನ್ನಿನ ದಂಡ ಬೇರೆಯೇ ಮಾತು. ಅದು ಪ್ರಾಜೆಕ್ಟಿನ ಅಂದಾಜು ವೆಚ್ಚದ ಶೇ. 10ರವರೆಗೂ ಹೋಗಬಹುದು.

ಆದೇಶದ ತಾರೀಖು ನೋಡಿ, ಆಮೇಲೆ ಏನಾಯಿತು ಅಂತ ಹುಡುಕಿ. ಮೇಲ್ಮನವಿ ಹೋಗೋದು ರೇರಾ ಮೇಲ್ಮನವಿ ನ್ಯಾಯಮಂಡಳಿಗೆ, ಅದಕ್ಕೆ 60 ದಿನದ ಗಡುವು. ಕಂಪನಿಯವರು "ಅಪೀಲು ಹಾಕಿದ್ದೇವೆ" ಅಂದರೆ ನಂಬರ್ ಕೇಳಿ. ಗಿರಾಕಿಗೆ ಹಣ ವಾಪಸು ಕೊಡುವ ಆದೇಶದ ಮೇಲೆ ಬಿಲ್ಡರು ಅಪೀಲು ಹೋಗಬೇಕಾದರೆ ಬಡ್ಡಿ ಸೇರಿ ಪೂರ್ತಿ ಹಣವನ್ನು ಮೊದಲು ಠೇವಣಿ ಇಡಬೇಕು ಅಂತ 43ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಬಾಯಿಮಾತಿನ ಅಪೀಲಿಗೆ ಬೆಲೆಯಿಲ್ಲ. ಅಪೀಲೂ ಇಲ್ಲ, ದುಡ್ಡೂ ಕೊಟ್ಟಿಲ್ಲ ಅಂದರೆ ರೇರಾದಿಂದ ವಸೂಲಿ ಪತ್ರ ಹೋಗುತ್ತದೆ. ಆಗ ಅದನ್ನು ಭೂಕಂದಾಯದ ಬಾಕಿ ಥರ ವಸೂಲು ಮಾಡುತ್ತಾರೆ. ಕಂಪನಿ ಹೆಸರಲ್ಲಿ ಅಂಥ ಪತ್ರ ಕಂಡರೆ ಅದನ್ನು ಅಮಲ್ಜಾರಿ ಅರ್ಜಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ಅಸಲಿ ಅಪಾಯ ನಿಮ್ಮ 17ರಲ್ಲಿ ಇರಲಿಲ್ಲ. ಯಾಕೆಂದರೆ ನೀವು ಹುಡುಕಿದ್ದು ಕಂಪನಿ ಹೆಸರು. ಈ ಲೇಔಟಿನ ಜಮೀನು ಕಂಪನಿಯದ್ದಲ್ಲ. ರೈತ ಕುಟುಂಬದ ಜೊತೆ ಜಂಟಿ ಒಪ್ಪಂದ ಮಾಡಿಕೊಂಡು ಸೈಟು ಮಾಡಿದ್ದಾರೆ. ಹಳೇ ಪಹಣಿಯಲ್ಲಿದ್ದ ಜಮೀನು ಮಾಲೀಕರ ಹೆಸರು ಹಾಕಿ ಹುಡುಕಿದಾಗ ಇನ್ನೊಂದು ಓಎಸ್ ಸಿಕ್ಕಿತು. ಅಣ್ಣತಮ್ಮಂದಿರ ಮೇಲೆ ಅಕ್ಕ ಹಾಕಿದ ಪಾಲಿನ ದಾವೆ. ಈ ಭಾಗದ ಲೇಔಟ್ ಜಮೀನುಗಳಲ್ಲಿ ಇದು ಮಾಮೂಲು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿ ಇದೆ. ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಂಥ ದಾವೆ ನಡೆಯುತ್ತಿರುವಾಗ ಸೈಟು ತಗೊಂಡರೆ ನೋಂದಣಿ ಆಗಿಬಿಡಬಹುದು. ಆದರೆ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನಿಮ್ಮ ಖರೀದಿ ಆ ದಾವೆಯ ತೀರ್ಪಿಗೆ ಒಳಪಟ್ಟಿರುತ್ತದೆ. "ನನಗೆ ಗೊತ್ತಿರಲಿಲ್ಲ" ಅನ್ನೋದು ಅಲ್ಲಿ ನಡೆಯುವುದಿಲ್ಲ. ಋಣಭಾರ ಪತ್ರ, ಅಂದರೆ ಇಸಿ, ಕ್ಲೀನ್ ಇದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದರಲ್ಲಿ ಬರೋದು ನೋಂದಣಿಯಾದ ಪತ್ರಗಳು, ಕೋರ್ಟಿನ ದಾವೆ ಅಲ್ಲಿ ಕಾಣಲೇಬೇಕು ಅಂತೇನಿಲ್ಲ.

ಇ-ಕೋರ್ಟ್ಸ್‌ನಲ್ಲೂ ಬಾರದ ಒಂದು ಥರದ ಕೇಸಿದೆ. ತಹಶೀಲ್ದಾರರು, ಎಸಿ, ಡಿಸಿ ಮುಂದೆ ನಡೆಯುವ ಕಂದಾಯ ತಕರಾರುಗಳು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ ಪಿಟಿಸಿಎಲ್ ಕಾಯ್ದೆ ಕೆಳಗೆ ಎಸಿ ಮುಂದೆ ಅರ್ಜಿ ಹಾಕುತ್ತಾರೆ. ಕಾಲಮಿತಿಯ ಅಡ್ಡಿಯನ್ನು 2023ರ ತಿದ್ದುಪಡಿಯಲ್ಲಿ ತೆಗೆದಿದ್ದಾರೆ. ಆದ್ದರಿಂದ ಜಮೀನು ಮೊದಲು ಯಾರಿಗೆ ಹೇಗೆ ಬಂತು ಅಂತ ಮೂಲದಿಂದ ನೋಡಬೇಕು, ಎಸಿ ಕಚೇರಿಯಲ್ಲಿ ಸರ್ವೆ ನಂಬರ್ ಹೇಳಿ ವಿಚಾರಿಸಬೇಕು. ಇದನ್ನು ಮೊಬೈಲಿನಲ್ಲಿ ಕೂತು ಮುಗಿಸಲು ಆಗುವುದಿಲ್ಲ.

ಮತ್ತೆ ನಿಮ್ಮ ಸೈಟಿಗೆ ಬರೋಣ. ಅಡ್ವಾನ್ಸ್ ಕೊಡುವ ಮೊದಲು ಆ ಪಾಲಿನ ದಾವೆಯ ಪ್ರತಿ ಮತ್ತು ಮಧ್ಯಂತರ ಆದೇಶದ ಪ್ರತಿಯನ್ನು ಕಂಪನಿಯಿಂದ ಕೇಳಿ. ಕೊಡದಿದ್ದರೆ ವಕೀಲರ ಮೂಲಕ ಕೋರ್ಟಿನಿಂದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ. ಕೈಗೆ ಬಂದ ಮೇಲೆ ನೇರವಾಗಿ ಕೊನೆಯ ಪುಟಗಳಿಗೆ ಹೋಗಿ, ಆಸ್ತಿಯ ಶೆಡ್ಯೂಲ್ ಅಲ್ಲಿರುತ್ತದೆ. ಅದರಲ್ಲಿರುವ ಸರ್ವೆ ನಂಬರನ್ನು ನಿಮ್ಮ ಸೈಟಿನ ನಂಬರಿನ ಜೊತೆ ಹಿಸ್ಸಾ ಸಮೇತ ಹೋಲಿಸಿ. ಶೆಡ್ಯೂಲಿನಲ್ಲಿ 62/2 ಇದ್ದು ನಿಮ್ಮದು 62/1 ಆದರೆ ಅರ್ಧ ಉಸಿರು ಬಿಡಬಹುದು. ಪೂರ್ತಿ ಬಿಡಬೇಕಾದರೆ ಪೋಡಿ, ಅಂದರೆ ಸರ್ವೆ ನಂಬರನ್ನು ಭಾಗ ಮಾಡಿ ಬೇರೆ ನಂಬರ್ ಕೊಡುವುದು, ಯಾವ ತಾರೀಖಿಗೆ ಆಯಿತು ಅಂತ ನೋಡಬೇಕು. ದಾವೆ ಹಾಕಿದ ಮೇಲೆ ಪೋಡಿ ಮಾಡಿಸಿ ನಂಬರ್ ಬದಲಾಗಿದ್ದರೆ, ಶೆಡ್ಯೂಲಿನ ಹಳೇ ನಂಬರಿನೊಳಗೆ ನಿಮ್ಮ ಸೈಟೂ ಇರಬಹುದು. ಆಗ ಚೆಕ್ಕುಬಂದಿ ಇಟ್ಟುಕೊಂಡು ಸರ್ವೆ ನಕ್ಷೆಯಲ್ಲೇ ಹೋಲಿಸಬೇಕಾಗುತ್ತದೆ.