ಸಹಿ ಇಲ್ಲದ ಕೇಸ್ ಪೇಪರ್, ಎಥಿಕ್ಸ್ ಕಮಿಟಿಗೆ ಒಂದು ಪತ್ರ

ಮುಂಬಯಿಯಲ್ಲಿ ಮಳೆನೀರು ನಿಂತು ಇಳಿದ ಮೇಲೆ ಆಸ್ಪತ್ರೆಗಳಿಗೆ ಇಲಿಜ್ವರದ ರೋಗಿಗಳು ಬರತೊಡಗುತ್ತಾರೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದಾಗ ಕಾಲಿನ ಗಾಯದ ಮೂಲಕ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಒಳಸೇರುತ್ತದೆ. ಬಹುಪಾಲು ಜನ ಗುಣವಾಗುತ್ತಾರೆ. ಕೆಲವರ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಬೇಕಾಗುತ್ತದೆ. ದಾಖಲಾದ ದಿನದ ರಕ್ತಪರೀಕ್ಷೆಯಿಂದಲೇ ಆ ಕೆಲವರನ್ನು ಗುರುತಿಸಬಹುದೇ ಎಂದು ಒಂದು ಆಸ್ಪತ್ರೆಯ ವೈದ್ಯರು ತಿಳಿಯಬಯಸಿದ್ದಾರೆ ಎಂದುಕೊಳ್ಳಿ. ಹೊಸ ರೋಗಿಗಳಿಗಾಗಿ ಕಾಯಬೇಕಿಲ್ಲ, ಐದು ಮಳೆಗಾಲಗಳ 400 ಕೇಸ್ ಪೇಪರ್‌ಗಳು ರೆಕಾರ್ಡ್ ವಿಭಾಗದಲ್ಲಿವೆ. ಆದರೆ ಅವುಗಳನ್ನು ಈ ಅಧ್ಯಯನಕ್ಕೆ ಬಳಸಲು ಯಾವ ರೋಗಿಯೂ ಸಹಿ ಹಾಕಿಲ್ಲ.

ಸಹಿ ಇಲ್ಲದೆಯೇ ಅವನ್ನು ಓದಲು, ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಅದನ್ನು ಕೇಳುವುದು ಸದಸ್ಯ ಕಾರ್ಯದರ್ಶಿಗೆ ಬರೆಯುವ ಒಂದೆರಡು ಪುಟದ ಕವರಿಂಗ್ ಲೆಟರ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇಂಥ ವಿನಾಯಿತಿಗೆ ದಾರಿ ಬಿಟ್ಟಿದೆ. ವಿನಾಯಿತಿ ಇಲ್ಲದೆ ಅಧ್ಯಯನ ನಡೆಸುವುದೇ ಅಸಾಧ್ಯ ಎನ್ನುವಂತಿದ್ದರೆ, ಅದಕ್ಕೆ ವೈಜ್ಞಾನಿಕ ಸಮರ್ಥನೆ ಇದ್ದರೆ, ಕಮಿಟಿ ಅದನ್ನು ಪರಿಗಣಿಸಬಹುದು. ಗುರುತು ತೆಗೆದ ಅಥವಾ ರೋಗಿಗಳನ್ನು ಸಂಪರ್ಕಿಸಲಾಗದ ಹಳೆಯ ದಾಖಲೆಗಳ ಅಧ್ಯಯನವನ್ನೂ ಮಾರ್ಗಸೂಚಿ ಹೆಸರಿಸುತ್ತದೆ. ವಿನಾಯಿತಿ ಇರುವುದು ರೋಗಿಯ ಒಪ್ಪಿಗೆ ಪಡೆಯುವುದಕ್ಕೆ ಮಾತ್ರ, ಕಮಿಟಿಯ ಪರಿಶೀಲನೆಗಲ್ಲ. ಮಂಜೂರಾತಿ ಕೈಗೆ ಬರುವ ಮೊದಲೇ ಮಾಹಿತಿ ತೆಗೆದು, ಆಮೇಲೆ ಅನುಮತಿ ಕೇಳಿದರೆ ಕಮಿಟಿ ಕೊಡುವುದಿಲ್ಲ.

ಹೆಚ್ಚಿನ ಪತ್ರಗಳು ಎಡವುವುದು ಸಮರ್ಥನೆಯಲ್ಲೇ. "ಇದು ಹಿಂದಿನ ದಾಖಲೆಗಳ ಅಧ್ಯಯನವಾದ್ದರಿಂದ ಒಪ್ಪಿಗೆ ಅನ್ವಯಿಸುವುದಿಲ್ಲ" ಎಂದು ಒಂದೇ ಸಾಲು ಬರೆದು ಮುಗಿಸುತ್ತಾರೆ. ಅನ್ವಯಿಸುತ್ತದೆ. ಅದನ್ನು ಯಾಕೆ ಬಿಡಬೇಕೆಂದು ಹೇಳುವುದೇ ಪತ್ರದ ಕೆಲಸ. "400 ಜನರಿಗೆ ಫೋನ್ ಮಾಡಲು ಸಿಬ್ಬಂದಿ ಇಲ್ಲ" ಎಂಬ ಕಾರಣವೂ ನಿಲ್ಲುವುದಿಲ್ಲ, ಅದು ಸಂಶೋಧಕರ ಅನುಕೂಲದ ಮಾತಾಯಿತು. ನಿಜವಾದ ಕಾರಣ ಇರುವುದು ಪ್ರಶ್ನೆಯೊಳಗೇ.

ಲೆಕ್ಕ ಹಾಕಿ ನೋಡೋಣ. 400 ರೋಗಿಗಳಲ್ಲಿ 40 ಮಂದಿ ತೀರಿಕೊಂಡಿದ್ದಾರೆ ಎಂದಿಟ್ಟುಕೊಂಡರೆ ಸಾವಿನ ಪ್ರಮಾಣ ನೂರಕ್ಕೆ ಹತ್ತು. ಉಳಿದ 360 ಜನರಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಊರಿಗೆ ಮರಳಿದವರಿದ್ದಾರೆ, ಮೊಬೈಲ್ ನಂಬರ್ ಬದಲಾದವರಿದ್ದಾರೆ, ಮುಕಾದಮನ ನಂಬರ್ ಕೊಟ್ಟು ದಾಖಲಾದವರೂ ಇದ್ದಾರೆ. ಕಷ್ಟಪಟ್ಟು 150 ಜನರನ್ನು ಹುಡುಕಿ ಒಪ್ಪಿಗೆ ಪಡೆದೆವು, ತೀರಿಕೊಂಡವರಲ್ಲಿ 10 ಜನರ ಮನೆಯವರು ಸಿಕ್ಕಿ ಒಪ್ಪಿದರು ಎನ್ನೋಣ. ಈಗ 160ರಲ್ಲಿ 10, ಅಂದರೆ ಸಾವು ನೂರಕ್ಕೆ ಆರು ಚಿಲ್ಲರೆ. ರೋಗ ಬದಲಾಗಿಲ್ಲ, ಸಿಕ್ಕವರು ಬದಲಾಗಿದ್ದಾರೆ. ತೀವ್ರವಾಗಿ ಬಳಲಿದವರೇ ಹೊರಗುಳಿದಿದ್ದರಿಂದ, ಯಾರಿಗೆ ಡಯಾಲಿಸಿಸ್ ಬೇಕಾದೀತು ಎಂಬ ಉತ್ತರವೂ ವಾಲಿಬಿಡುತ್ತದೆ. ಹಾಗೆ ಬಂದ ಉತ್ತರ ನಂಬಿ ಮುಂದಿನ ಮಳೆಗಾಲದಲ್ಲಿ ರೋಗಿಯನ್ನು ಡಯಾಲಿಸಿಸ್‌ಗೆ ಕಳಿಸದೆ ವಾರ್ಡಿನಲ್ಲೇ ಇಟ್ಟುಕೊಂಡರೆ ನಷ್ಟ ರೋಗಿಗೇ. ಪತ್ರದಲ್ಲಿ ಈ ಲೆಕ್ಕವನ್ನು ಎರಡು ಮೂರು ವಾಕ್ಯಗಳಲ್ಲಿ ಕೊಡಬೇಕು. ಜೊತೆಗೆ, ಐದು ವರ್ಷದ ಹಿಂದೆ ಮಗನನ್ನು ಕಳೆದುಕೊಂಡ ಮನೆಗೆ ಸಹಿಗಾಗಿ ಫೋನ್ ಮಾಡುವುದೇ ಒಂದು ನೋವು ಎಂಬುದನ್ನೂ ಸೇರಿಸಬಹುದು. ಇದು ಭಾವುಕತೆಯಲ್ಲ, ಕಮಿಟಿ ತೂಗಬೇಕಾದ ಹಾನಿ.

ಒಂದು ಸಣ್ಣ ವಿಷಯ ಪತ್ರವನ್ನು ಹಿಂದಕ್ಕೆ ತರಿಸುತ್ತದೆ. ಅರ್ಜಿ ಕೊಟ್ಟ ದಿನ ಮಾರ್ಚ್ 10, ದಾಖಲೆಗಳ ಅವಧಿ "ಈ ವರ್ಷದ ಸೆಪ್ಟೆಂಬರ್‌ವರೆಗೆ" ಎಂದಿದ್ದರೆ ಅದು ಹಳೆಯ ದಾಖಲೆಗಳ ಅಧ್ಯಯನವೇ ಅಲ್ಲ. ಇನ್ನೂ ಬರಬೇಕಾದ ರೋಗಿಗಳನ್ನು ಒಪ್ಪಿಗೆ ಕೇಳಲು ಏನಡ್ಡಿ? ಕೊನೆಯ ತಾರೀಖು ಅರ್ಜಿಗಿಂತ ಹಿಂದಿನದೇ ಆಗಿರಬೇಕು.

ಇನ್ನು ಮಾಹಿತಿಯ ರಕ್ಷಣೆ. ಪಾಸ್‌ವರ್ಡ್, ಬೀಗ ಎಲ್ಲ ಆಮೇಲಿನ ಮಾತು, ಏನನ್ನು ಬರೆದುಕೊಳ್ಳುವುದಿಲ್ಲ ಎಂಬುದು ಮೊದಲು. ನಮ್ಮ ಪ್ರಶ್ನೆಗೆ ಬೇಕಾದದ್ದು ವಯಸ್ಸು, ಲಿಂಗ, ಜ್ವರ ಬಂದು ಎಷ್ಟು ದಿನವಾಗಿತ್ತು, ಕ್ರಿಯಾಟಿನಿನ್, ಪೊಟ್ಯಾಸಿಯಂ, ಬಿಲಿರುಬಿನ್, ಪ್ಲೇಟ್‌ಲೆಟ್, ಮೂತ್ರದ ಪ್ರಮಾಣ, ಡಯಾಲಿಸಿಸ್ ಆಯಿತೇ, ಗುಣವಾದರೇ. ವಿಳಾಸ ಬೇಡ, ಹಾಗಾಗಿ ಮಾಹಿತಿ ತುಂಬುವ ನಮೂನೆಯಲ್ಲಿ ಆ ಕಾಲಂ ಇರಬಾರದು. ತಾರೀಖುಗಳೂ ಬೇಡ, ದಾಖಲಾದ ದಿನವನ್ನು ಸೊನ್ನೆ ಎಂದಿಟ್ಟು "ಡಯಾಲಿಸಿಸ್: 3ನೇ ದಿನ" ಎಂದರೆ ಸಾಕು. ಡಯಾಲಿಸಿಸ್‌ಗೆ ಮುನ್ನ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ, ಅದರ ವರದಿ ಇದೇ ಕೇಸ್ ಪೇಪರಿನಲ್ಲಿರುತ್ತದೆ. ಆ ಸ್ಥಿತಿಯ ಗೋಪ್ಯತೆಗೆ 2017ರ ಕಾನೂನೇ ಇದೆ. ಅದನ್ನು ಬರೆದುಕೊಳ್ಳುವುದಿಲ್ಲವೆಂದು ಪತ್ರದಲ್ಲಿ ಸ್ಪಷ್ಟವಾಗಿ ಹೇಳಬೇಕು. ನಮೂನೆಯ ಕೊನೆಯ "ಷರಾ" ಕಾಲಂ ತೆಗೆದುಬಿಡುವುದೇ ಮೇಲು. "ಕುರ್ಲಾದ ಸಫಾಯಿ ಕೆಲಸದವರು, ತಮ್ಮ ಕರೆತಂದ" ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ, ರೋಗಿಯ ಗುರುತು ಅಲ್ಲಿಂದಲೇ ಹೊರಬೀಳುತ್ತದೆ.

ಹೆಸರು ಅಳಿಸಿದರೆ ಸಾಕೆಂಬ ನಂಬಿಕೆ ತಪ್ಪೆಂದು 1990ರ ದಶಕದಲ್ಲೇ ಅಮೆರಿಕದಲ್ಲಿ ಸಂಶೋಧಕಿ ಲಟಾನ್ಯಾ ಸ್ವೀನಿ ತೋರಿಸಿಕೊಟ್ಟರು. ಮ್ಯಾಸಚೂಸೆಟ್ಸ್‌ನಲ್ಲಿ ಹೆಸರಿಲ್ಲದೆ ಕೊಟ್ಟಿದ್ದ ಆಸ್ಪತ್ರೆ ಮಾಹಿತಿಯನ್ನು ಮತದಾರರ ಪಟ್ಟಿಯೊಡನೆ ಹೊಂದಿಸಿ ನೋಡಿದಾಗ, ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಮೂರರಿಂದಲೇ ರಾಜ್ಯಪಾಲರ ದಾಖಲೆ ಸಿಕ್ಕಿಬಿಟ್ಟಿತು. ನಮ್ಮಲ್ಲೂ ಮತದಾರರ ಪಟ್ಟಿ ಇದೆ, ಮಳೆಗಾಲದ ಸಾವಿನ ಸುದ್ದಿ ವಯಸ್ಸು, ಬಡಾವಣೆ ಸಮೇತ ಪತ್ರಿಕೆಯಲ್ಲಿ ಬರುತ್ತದೆ.

ಕಡತಗಳು ಎರಡಿರಬೇಕು. ಒಂದರಲ್ಲಿ LP-001ರಂಥ ಅಧ್ಯಯನ ಸಂಖ್ಯೆ ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ ಮಾತ್ರ. ಇನ್ನೊಂದರಲ್ಲಿ ಅಧ್ಯಯನ ಸಂಖ್ಯೆ ಮತ್ತು ವೈದ್ಯಕೀಯ ಮಾಹಿತಿ ಮಾತ್ರ. ಮೊದಲನೆಯದು ಮುಖ್ಯ ಸಂಶೋಧಕರ ಬಳಿ ಬೇರೆ ಕಂಪ್ಯೂಟರಿನಲ್ಲಿರುತ್ತದೆ, ಸಂಖ್ಯಾಶಾಸ್ತ್ರದವರ ಕೈಗೆ ಹೋಗುವುದು ಎರಡನೆಯದಷ್ಟೇ. ಮೊದಲನೆಯದಾದ ಈ ಜೋಡಣೆಯ ಕಡತ ಇರುವಷ್ಟು ಕಾಲ ಮಾಹಿತಿಯನ್ನು "ಅನಾಮಧೇಯ" ಎಂದು ಕರೆಯುವಂತಿಲ್ಲ, "ಸಂಕೇತೀಕರಿಸಿದ" ಎನ್ನಬೇಕು. ಈ ವ್ಯತ್ಯಾಸವನ್ನು ಕಮಿಟಿಯವರು ಖಂಡಿತ ಗಮನಿಸುತ್ತಾರೆ. ನೋಂದಣಿ ಸಂಖ್ಯೆಯನ್ನು ಗುರುತು ಸಿಗದ ಅಕ್ಷರಸಾಲಾಗಿಸುವ SHA-256 ಎಂಬ ಗಣಿತ ಸೂತ್ರದಿಂದ ಬದಲಾಯಿಸಿದರೆ ಸಾಕು ಎನ್ನುವವರಿದ್ದಾರೆ. ಸಂಖ್ಯೆ ಏಳು ಅಂಕಿಯದಾದರೆ ಸಾಧ್ಯತೆಗಳು ಬರೀ ಒಂದು ಕೋಟಿ. ಸಾಧಾರಣ ಲ್ಯಾಪ್‌ಟಾಪ್ ಅಷ್ಟನ್ನೂ ಒಂದು ನಿಮಿಷದೊಳಗೆ ಲೆಕ್ಕ ಹಾಕಿ ಮೂಲ ಸಂಖ್ಯೆ ಹೇಳಿಬಿಡುತ್ತದೆ.

ಎಕ್ಸೆಲ್‌ನಲ್ಲಿ Protect Sheet ಒತ್ತಿದರೆ ಕಡತ ಭದ್ರವಾಗುವುದಿಲ್ಲ, ಅದು ತಿದ್ದುವುದನ್ನಷ್ಟೇ ತಡೆಯುತ್ತದೆ. ಬೇಕಾದದ್ದು Encrypt with Password. ಹೆಸರಿನ ಕಾಲಂ ಅಡಗಿಸಿಟ್ಟರೂ ಒಳಗೇ ಇರುತ್ತದೆ, ಪಿವಟ್ ಟೇಬಲ್ ಮಾಡಿ ಕಳಿಸಿದರೆ ಮೂಲ ಸಾಲುಗಳೂ ಜೊತೆಗೇ ಹೋಗಬಹುದು. ಮೊಬೈಲಿನಿಂದಲೂ ಸೋರಿಕೆ ಆಗುತ್ತದೆ. ಕೇಸ್ ಪೇಪರಿನ ಫೋಟೊ ತೆಗೆದು ಮನೆಯಲ್ಲಿ ತುಂಬಿಸೋಣ ಎಂದರೆ, ರಾತ್ರಿ ಅದು ತಾನಾಗಿಯೇ ಕ್ಲೌಡ್‌ಗೆ ಏರಿರಬಹುದು. ಹಾಗಾಗಿ ಪತ್ರದಲ್ಲಿ ಹೀಗೆ ಬರೆಯಬಹುದು: "ಮಾಹಿತಿಯನ್ನು ರೆಕಾರ್ಡ್ ವಿಭಾಗದಲ್ಲೇ ಕುಳಿತು ತುಂಬಲಾಗುವುದು. ಫೋಟೊ ತೆಗೆಯುವುದಿಲ್ಲ, ಝೆರಾಕ್ಸ್ ಮಾಡಿಸುವುದಿಲ್ಲ. ನಮೂದುಗಳ ತಾಳೆ ಮುಗಿದ ಕೂಡಲೇ ಜೋಡಣೆಯ ಕಡತವನ್ನು ಅಳಿಸಿ, ಅಳಿಸಿದ ದಿನಾಂಕವನ್ನು ಕಮಿಟಿಗೆ ತಿಳಿಸಲಾಗುವುದು."

ಹೀಗೆ ಬರೆದ ಅರ್ಜಿ ಸಾಮಾನ್ಯವಾಗಿ ತ್ವರಿತ ಪರಿಶೀಲನೆಗೆ ಹೋಗುತ್ತದೆ, ಆ ತೀರ್ಮಾನ ಕಮಿಟಿಯದು. ಪ್ರಕಟಣೆಯ ಕೋಷ್ಟಕಗಳ ಬಗ್ಗೆಯೂ ಒಂದು ಸಾಲು ಇರಲಿ: ಕೋಷ್ಟಕದ ಯಾವುದೇ ಚೌಕದಲ್ಲಿ ಐದಕ್ಕಿಂತ ಕಡಿಮೆ ರೋಗಿಗಳಿದ್ದರೆ ಸಂಖ್ಯೆ ಕೊಡುವುದಿಲ್ಲ, ಪಕ್ಕದ ಗುಂಪಿನೊಡನೆ ಸೇರಿಸುತ್ತೇವೆ ಎಂದು. "80 ದಾಟಿದ ಮಹಿಳೆ, ಡಯಾಲಿಸಿಸ್, ಸಾವು: 1" ಎಂದು ಅಚ್ಚಾದರೆ, ಆ ಮನೆಯವರಿಗೂ ನೆರೆಯವರಿಗೂ ಅದು ಯಾರೆಂದು ಗೊತ್ತಾಗುತ್ತದೆ.