2,7,8 ಏಕೆ ಸರಿ, 3,4,9 ಏಕೆ ತಪ್ಪು: ಐಯುಪಿಎಸಿ ಹೆಸರು ತಾಳೆ ನೋಡುವ ಟಿಪ್ಪಣಿ

ಗಂಗಾವತಿಯಲ್ಲಿ ಪ್ರಥಮ ಪಿಯುಸಿಯ ಗೆಳೆಯರೊಂದಿಗೆ ತಪ್ಪು ಹೆಸರುಗಳನ್ನು ತಿದ್ದುವ ಅಭ್ಯಾಸಕ್ಕೆ ಕುಳಿತಾಗ, ಸರಪಳಿ ಆರಿಸುವ ತಪ್ಪು ನನಗೆ ಬೇಗ ಹಿಡಿತಕ್ಕೆ ಬಂದಿತು. 2-ಈಥೈಲ್-3-ಮೀಥೈಲ್‌ಬ್ಯೂಟೇನ್ ಎಂಬ ಹೆಸರನ್ನು ನೋಡಿರಿ. ಎರಡನೆಯ ಇಂಗಾಲದ ಆಚೆ ತುದಿಯ ಕಡೆಗೆ ಉಳಿಯುವುದು ಒಂದೇ ಇಂಗಾಲ; ಈಥೈಲ್‌ನಲ್ಲಿರುವುದು ಎರಡು. ಆದ್ದರಿಂದ ಈಥೈಲ್‌ನೊಳಗಿಂದ ಹಾದುಹೋದರೆ ಸರಪಳಿ ಐದು ಇಂಗಾಲಗಳಷ್ಟು ಉದ್ದವಾಗುತ್ತದೆ, ಸರಿಯಾದ ಹೆಸರು 2,3-ಡೈಮೀಥೈಲ್‌ಪೆಂಟೇನ್ ಆಗುತ್ತದೆ. ಆಲ್ಕೇನ್‌ನ ಹೆಸರಿನಲ್ಲಿ 2-ಈಥೈಲ್ ಕಂಡೊಡನೆ ರಚನೆ ಬರೆಯುವ ಮೊದಲೇ ಅದು ತಪ್ಪೆಂದು ಹೇಳಬಹುದು.

ನಾನು ನಿಜವಾಗಿ ಎಡವಿದ್ದು ಎಣಿಕೆಯ ದಿಕ್ಕಿನಲ್ಲಿ. ಈ ರಚನೆಯನ್ನು ತೆಗೆದುಕೊಳ್ಳೋಣ:

(CH₃)₂CH(CH₂)₄CH(CH₃)CH(CH₃)CH₂CH₃

ಮುಖ್ಯ ಸರಪಳಿಯಲ್ಲಿ ಹತ್ತು ಇಂಗಾಲಗಳಿವೆ, ಶಾಖೆಗಳು ಮೂರು ಮೀಥೈಲ್. ಎಡದಿಂದ ಎಣಿಸಿದರೆ ಅವು 2, 7, 8ರಲ್ಲಿ ಬರುತ್ತವೆ. ಬಲದಿಂದ ಬರುವ ಸಂಖ್ಯೆಗಳನ್ನು ತಿಳಿಯಲು ಮತ್ತೆ ಎಣಿಸಬೇಕಾಗಿಲ್ಲ. ಇಂಗಾಲಗಳ ಸಂಖ್ಯೆಗೆ ಒಂದು ಕೂಡಿಸಿ, ಆ 11ರಿಂದ ಒಂದೊಂದನ್ನೂ ಕಳೆದರೆ 3, 4, 9 ದೊರೆಯುತ್ತದೆ. ನಾನು ಎರಡೂ ಗುಂಪುಗಳನ್ನು ಕೂಡಿದೆ: ಮೊದಲನೆಯದು 17, ಎರಡನೆಯದು 16. ಮೊತ್ತ ಕಡಿಮೆಯಿದೆ ಎಂದು 3,4,9-ಟ್ರೈಮೀಥೈಲ್‌ಡೆಕೇನ್ ಎಂದು ಬರೆದೆ. ಅದು ತಪ್ಪು.

ನಿಯಮ ಕೇಳುವುದು ಮೊತ್ತವನ್ನಲ್ಲ. ಎರಡೂ ಗುಂಪುಗಳನ್ನು ಏರಿಕೆಯ ಕ್ರಮದಲ್ಲಿ ಒಂದರ ಕೆಳಗೊಂದು ಬರೆದು ಎಡದಿಂದ ಹೋಲಿಸುತ್ತ ಹೋಗಬೇಕು. ಮೊದಲು ವ್ಯತ್ಯಾಸ ಕಾಣುವ ಜಾಗದಲ್ಲಿ ಯಾವುದು ಚಿಕ್ಕದೋ ಅದೇ ಆಯ್ಕೆ. ಇಲ್ಲಿ 2 ಮತ್ತು 3ರ ಹೋಲಿಕೆಯಲ್ಲೇ ತೀರ್ಮಾನವಾಯಿತು, ಮುಂದಿನ 7, 8 ಎಷ್ಟೇ ದೊಡ್ಡದಿದ್ದರೂ ಲೆಕ್ಕಕ್ಕಿಲ್ಲ. ಹೆಸರು 2,7,8-ಟ್ರೈಮೀಥೈಲ್‌ಡೆಕೇನ್.

ಹಾಗಾದರೆ ಇಷ್ಟು ದಿನ ಮೊತ್ತದ ಲೆಕ್ಕ ನನಗೆ ಸರಿಯಾಗಿಯೇ ಉತ್ತರ ಕೊಟ್ಟಿದ್ದೇಕೆ ಎಂಬ ಪ್ರಶ್ನೆ ಬಹಳ ಕಾಡಿತು. ಶಾಖೆಗಳು ಎರಡೇ ಇದ್ದಾಗ ಮೊತ್ತವೂ ಮೊದಲ ವ್ಯತ್ಯಾಸವೂ ಯಾವಾಗಲೂ ಒಂದೇ ದಿಕ್ಕನ್ನು ತೋರಿಸುತ್ತವೆ. ಆರು ಇಂಗಾಲಗಳ ಸರಪಳಿಯಲ್ಲಿ 2,4 ಮತ್ತು 3,5 ಹೋಲಿಸಿದರೂ 2,4ಕ್ಕೇ ಗೆಲುವು. ನಾವು ಮೊದಮೊದಲು ಮಾಡುವ ಲೆಕ್ಕಗಳಲ್ಲಿ ಹೆಚ್ಚಿನವು ಅಂಥವೇ ಆದ್ದರಿಂದ ತಪ್ಪು ವಿಧಾನ ಬಯಲಿಗೆ ಬರಲಿಲ್ಲ. ಶಾಖೆಗಳು ಮೂರು ಅಥವಾ ಅದಕ್ಕಿಂತ ಹೆಚ್ಚಾದಾಗ ಮಾತ್ರ ಅದು ಕೈಕೊಡಬಹುದು.

ಇವೆಲ್ಲ ಆಲ್ಕೇನ್‌ಗಳ ಮಾತು. CH₃CH₂CH(C₂H₅)CH₂OH ಎಂಬಲ್ಲಿ ಐದು ಇಂಗಾಲಗಳ ಸರಪಳಿಯಿದ್ದರೂ OH ಹೊತ್ತ ಇಂಗಾಲ ಅದರಲ್ಲಿ ಸೇರುವುದಿಲ್ಲ. ಆ ಇಂಗಾಲವನ್ನು ಒಳಗೊಂಡ ಸರಪಳಿಯನ್ನೇ ಆರಿಸಿ, ಅದರ ಕಡೆಯಿಂದಲೇ ಎಣಿಸಬೇಕಾಗುವುದರಿಂದ ಹೆಸರು 2-ಈಥೈಲ್‌ಬ್ಯೂಟನ್-1-ಆಲ್ ಆಗುತ್ತದೆ. ಇಲ್ಲಿ 2-ಈಥೈಲ್ ತಪ್ಪಲ್ಲ.